ಗಡುವಿಗೆ ಮೂರು ವಾರ ಮುಂಚೆ

2017ರ ಜುಲೈ 29ರಂದು ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯ ಸಿಬ್ಬಂದಿ ತಮ್ಮ ಜಾಲದ ಕಾವಲಿಗಿದ್ದ ಯಂತ್ರವೊಂದಕ್ಕೆ ಹೊಸ ಭದ್ರತಾ ಸರ್ಟಿಫಿಕೇಟು ಹಾಕಿದರು. ಹಳೆಯದರ ಅವಧಿ ಮುಗಿದು ತಿಂಗಳುಗಳೇ ಕಳೆದಿದ್ದವು. ಹೊಸದು ಹಾಕಿದ್ದೇ ತಡ, ಅನುಮಾನ ಹುಟ್ಟಿಸುವ ಸಂಚಾರ ಕಣ್ಣಿಗೆ ಬಿತ್ತು. ಕಳ್ಳರು ಮೇ ತಿಂಗಳಿಂದಲೇ ಒಳಗಿದ್ದರು. ಜನರ ಸಾಲದ ಚರಿತ್ರೆ ಕಾಯ್ದಿಡುವ ಆ ಕಂಪನಿಯಿಂದ ಸುಮಾರು 14.7 ಕೋಟಿ ಮಂದಿಯ ಖಾಸಗಿ ವಿವರ ಕಳವಾಗಿತ್ತು.

ಅಷ್ಟು ದಿನ ಏಕೆ ಗೊತ್ತಾಗಲಿಲ್ಲ? ಗೂಢಲಿಪಿಯಲ್ಲಿ ಹರಿಯುವ ಮಾಹಿತಿಯನ್ನು ಬಿಡಿಸಿ ನೋಡುವುದು ಆ ಯಂತ್ರದ ಕೆಲಸ. ಸರ್ಟಿಫಿಕೇಟಿನ ಅವಧಿ ಮುಗಿದ ಮೇಲೆ ಅದು ನೋಡುವುದನ್ನು ಬಿಟ್ಟು ಎಲ್ಲವನ್ನೂ ಸುಮ್ಮನೆ ದಾಟಿಸುತ್ತಿತ್ತು. ಜಾಲತಾಣವೊಂದರ ಸರ್ಟಿಫಿಕೇಟು ಮುಗಿದರೆ ಬ್ರೌಸರ್ ಎಚ್ಚರಿಸುತ್ತದೆ, ಗ್ರಾಹಕರು ಫೋನ್ ಮಾಡಿ ಬೈಯುತ್ತಾರೆ. ಇಲ್ಲಿ ಯಾರೂ ಕೂಗಲಿಲ್ಲ. ಅಮೆರಿಕ ಸಂಸತ್ತಿನ ಸಮಿತಿ 2018ರಲ್ಲಿ ಕೊಟ್ಟ ವರದಿಯ ಪ್ರಕಾರ ಆ ಕಂಪನಿಯಲ್ಲಿ ಅವಧಿ ಮುಗಿದಿದ್ದ ಸರ್ಟಿಫಿಕೇಟುಗಳು 300ಕ್ಕೂ ಹೆಚ್ಚು. ಅವುಗಳಲ್ಲಿ 79, ವ್ಯವಹಾರಕ್ಕೆ ತೀರಾ ಮುಖ್ಯವಾದ ಡೊಮೇನ್‌ಗಳ ಮೇಲೆ ಕಣ್ಣಿಡಲು ಇದ್ದವು. ಒಂದನ್ನು ಮರೆಯುವುದು ಬೇರೆ. ನೂರಾರು ಮುಗಿದಿವೆ ಎಂದರೆ ಪಟ್ಟಿ ಹಿಡಿದು ನೋಡುವವರೇ ಇರಲಿಲ್ಲ ಎಂದರ್ಥ.

ಹಾಗಾಗಿ ಮೊದಲು ಬೇಕಾದದ್ದು ಪಟ್ಟಿ, ಅದು ನೆನಪಿನಿಂದ ಬರೆದದ್ದಾಗಬಾರದು. ಹಿಂದಿನ ವರ್ಷದ ಪ್ರಚಾರಕ್ಕೆಂದು ತೆರೆದ ಉಪ ಡೊಮೇನ್, ಕೆಲಸ ಬಿಟ್ಟು ಹೋದವರು ನಿಲ್ಲಿಸಿದ್ದ ಸರ್ವರ್, ಇಂಥವು ಯಾರ ನೆನಪಿಗೂ ಬರುವುದಿಲ್ಲ. ಅದೃಷ್ಟಕ್ಕೆ, ಬ್ರೌಸರ್‌ಗಳು ನಂಬುವ ಸರ್ಟಿಫಿಕೇಟುಗಳು ಈಗ ಸಾರ್ವಜನಿಕ ದಾಖಲೆಗೆ ಸೇರುತ್ತವೆ. `crt.sh` ತಾಣದಲ್ಲಿ ಸಂಸ್ಥೆಯ ಡೊಮೇನ್ ಹೆಸರು ಕೊಟ್ಟು ಹುಡುಕಿದರೆ ಮರೆತುಹೋದವುಗಳೂ ಎದ್ದು ಬರುತ್ತವೆ. ಕಚೇರಿಯ ಒಳಜಾಲಕ್ಕೆಂದು ತಾವೇ ಮಾಡಿಕೊಂಡ ಸರ್ಟಿಫಿಕೇಟುಗಳು ಮಾತ್ರ ಅಲ್ಲಿ ಸಿಗುವುದಿಲ್ಲ. ಅವನ್ನು ಹಾಕಿದವರನ್ನೇ ಕೇಳಿ ಬರೆದುಕೊಳ್ಳಬೇಕು.

ಪಟ್ಟಿಯಲ್ಲಿ ದಿನಾಂಕ ಬರೆದಿಟ್ಟರೆ ಸಾಲದು. ಸರ್ವರ್ ಈ ಹೊತ್ತಿನಲ್ಲಿ ಯಾವ ಸರ್ಟಿಫಿಕೇಟು ತೋರಿಸುತ್ತಿದೆ ಎಂದು ದಿನವೂ ಹೊರಗಿನಿಂದ ಕೇಳಿ ನೋಡಬೇಕು. ಕೇಳುವ ಬಗೆ ಇದು:

```
echo | openssl s_client -servername example.com \
  -connect example.com:443 2>/dev/null |
  openssl x509 -noout -enddate
```

ಉತ್ತರ ಒಂದೇ ಸಾಲು: `notAfter=Nov 30 05:12:44 2026 GMT`. ಭಾರತದ ಲೆಕ್ಕದಲ್ಲಿ ಅಂದು ಬೆಳಿಗ್ಗೆ 10:42. ಕಡತದಲ್ಲಿರುವ ದಿನಾಂಕಕ್ಕಿಂತ ಈ ಉತ್ತರವನ್ನೇ ನಂಬಬೇಕು ಎನ್ನುವುದಕ್ಕೆ ಕಾರಣವಿದೆ. ನವೀಕರಣದ ತಂತ್ರಾಂಶ ಹೊಸ ಸರ್ಟಿಫಿಕೇಟನ್ನು ತಂದು ಡಿಸ್ಕ್‌ನಲ್ಲಿ ಇಟ್ಟಿರುತ್ತದೆ. ಸರ್ವರ್ ತಂತ್ರಾಂಶವನ್ನು ಯಾರೂ ರೀಲೋಡ್ ಮಾಡಿರುವುದಿಲ್ಲ. ಕಡತ ಹೊಸದು, ಜಗತ್ತಿಗೆ ಕಾಣುವುದು ಹಳೆಯದು. ಒಂದೇ ಹೆಸರಿನ ಹಿಂದೆ ನಾಲ್ಕು ಸರ್ವರ್‌ಗಳಿದ್ದು ಒಂದರಲ್ಲಿ ಮಾತ್ರ ಹಳೆಯದು ಉಳಿದಿದ್ದರೆ ಪತ್ತೆ ಇನ್ನೂ ಕಷ್ಟ, ಏಕೆಂದರೆ ದೋಷ ಕೆಲವರಿಗಷ್ಟೇ, ಆಗೊಮ್ಮೆ ಈಗೊಮ್ಮೆ ಕಾಣುತ್ತದೆ. ಅಂಥ ಕಡೆ ಪ್ರತಿ ಸರ್ವರನ್ನೂ ಅದರ ಐಪಿ ವಿಳಾಸದಲ್ಲೇ ಬೇರೆಯಾಗಿ ಕೇಳಬೇಕು.

ಎಚ್ಚರಿಕೆ ಯಾವಾಗ ಕೊಡಬೇಕು ಎನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಮೇಲಿನ ಸರ್ಟಿಫಿಕೇಟು 90 ದಿನದ್ದು, ಸೆಪ್ಟೆಂಬರ್ 1ರಂದು ಪಡೆದದ್ದು, 30 ದಿನ ಉಳಿದಾಗ ತಾನೇ ನವೀಕರಣವಾಗುವಂತೆ ಹೊಂದಿಸಿದ್ದು ಎನ್ನೋಣ. ಅಕ್ಟೋಬರ್ 31ರ ಹೊತ್ತಿಗೆ ಹೊಸದು ಬರಬೇಕು. ಎಚ್ಚರಿಕೆಯನ್ನೂ 30 ದಿನಕ್ಕೇ ಇಟ್ಟರೆ ಎಲ್ಲ ಸರಿಯಿದ್ದಾಗಲೂ ಪ್ರತಿ ಡೊಮೇನ್‌ಗೊಂದು ಸಂದೇಶ ಬರುತ್ತದೆ. ಹೀಗೆ ಬಂದದ್ದನ್ನು ಜನ ಎರಡೇ ತಿಂಗಳಲ್ಲಿ ಓದುವುದನ್ನು ಬಿಡುತ್ತಾರೆ. 21 ದಿನಕ್ಕಿಟ್ಟರೆ ನವೆಂಬರ್ 9ರಂದು ಬರುವ ಸಂದೇಶಕ್ಕೆ ಒಂದೇ ಅರ್ಥ: ನವೀಕರಣ ಒಂಬತ್ತು ದಿನದಿಂದ ಸೋಲುತ್ತಿದೆ, ಹೋಗಿ ನೋಡಿ. ಡಿಎನ್‌ಎಸ್ ಬದಲಾಗಿದೆಯೋ, ಫೈರ್‌ವಾಲ್ ತಡೆದಿದೆಯೋ ಹುಡುಕಲು ಮೂರು ವಾರ ಧಾರಾಳ. ಏಳು ದಿನ ಉಳಿದರೂ ಸರಿಹೋಗದಿದ್ದರೆ ಸಂದೇಶ ಬಿಟ್ಟು ಫೋನ್ ಮಾಡಬೇಕು.

ಸಂದೇಶ ಒಬ್ಬರ ಮೇಲ್‌ಗಷ್ಟೇ ಹೋಗಕೂಡದು. ಅವರು ರಜೆಯಲ್ಲಿದ್ದರೆ ಮುಗಿಯಿತು. ಉಚಿತವಾಗಿ ಸರ್ಟಿಫಿಕೇಟು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ತಾನೇ ನೆನಪಿನ ಮೇಲ್ ಕಳಿಸುತ್ತಿತ್ತು, 2025ರ ಜೂನ್‌ನಲ್ಲಿ ನಿಲ್ಲಿಸಿತು. ಅದನ್ನೇ ನೆಚ್ಚಿಕೊಂಡಿದ್ದ ತಂಡಗಳು ಈಗ ಸ್ವಂತ ಕಾವಲು ಕಟ್ಟಿಕೊಳ್ಳಲೇಬೇಕು. ಕಾವಲಿನ ಕಾರ್ಯಕ್ರಮವೇ ಕೆಟ್ಟು ಕೂತರೂ ಮೌನವೇ ಇರುತ್ತದಲ್ಲ, ಅದಕ್ಕಾಗಿ ‘ಇಂದು ಇಷ್ಟು ಡೊಮೇನ್ ನೋಡಿದೆ’ ಎಂಬ ಒಂದು ಸಾಲನ್ನು ಅದು ದಿನವೂ ಬರೆಯಲಿ. ಆ ಸಾಲು ಬರದ ದಿನ ಬೇರೊಂದು ಯಂತ್ರ ತಂಡವನ್ನು ಎಚ್ಚರಿಸಲಿ.

ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟು ಕೊಡುವವರೂ ಸೇರಿ 2025ರಲ್ಲಿ ಒಪ್ಪಿಕೊಂಡಂತೆ, ಗರಿಷ್ಠ ಅವಧಿ 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ 100, 2029ರ ಮಾರ್ಚ್‌ನಿಂದ ಬರೀ 47. ಆಗ ಹೆಚ್ಚಿನವರು ಹದಿನೈದು ದಿನ ಉಳಿದಾಗಷ್ಟೇ ನವೀಕರಿಸಬಹುದು. ಹಾಗಾದರೆ ಇಂದಿನ 21 ದಿನದ ಗೆರೆ ಎಲ್ಲ ಡೊಮೇನ್‌ಗಳಿಗೂ ಸುಮ್ಮಸುಮ್ಮನೆ ಗಂಟೆ ಬಾರಿಸುತ್ತದೆ. ಅದನ್ನು ಹತ್ತು ದಿನಕ್ಕೆ ಇಳಿಸಬೇಕಾಗುತ್ತದೆ.