ಕಬ್ಬಿನ ಟ್ರ್ಯಾಕ್ಟರ್ ಒಂದು ಟ್ರಿಪ್ ಮುಗಿಸಲು ಎಷ್ಟು ಗಂಟೆ ಬೇಕು? ಸಮಯ ಹೋಗುವುದು ರಸ್ತೆಯಲ್ಲಲ್ಲ, ಕಾರ್ಖಾನೆ ಮುಂದಿನ ಸಾಲಿನಲ್ಲಿ

ಬಾಗಲಕೋಟೆ: ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ರಾಯಬಾಗ, ಅಥಣಿ ಭಾಗದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳು ಸಾಮಾನ್ಯ ನೋಟ. ಹೊಲದಿಂದ ಕಾರ್ಖಾನೆ ಹದಿನೈದು, ಇಪ್ಪತ್ತು ಕಿಲೋಮೀಟರ್ ದೂರ ಇರಬಹುದು. ಹಾಗಿದ್ದರೂ ಸಂಜೆ ಹೊರಟ ಟ್ರ್ಯಾಕ್ಟರ್ ಕೆಲವೊಮ್ಮೆ ಮರುದಿನ ಮಧ್ಯಾಹ್ನದ ತನಕ ವಾಪಸ್ ಬರುವುದಿಲ್ಲ. ಈ ಸಮಯ ಎಲ್ಲಿ ಹೋಗುತ್ತದೆ? ತಡವಾದರೆ ಯಾರಿಗೆ ನಷ್ಟ? ಇಲ್ಲಿದೆ ಲೆಕ್ಕ.

ಒಂದು ಟ್ರಿಪ್ ಅಂದರೆ ಏನೇನು?

ಖಾಲಿ ಟ್ರೇಲರ್ ಹೊಲದಲ್ಲಿ ನಿಂತ ಕ್ಷಣದಿಂದ ಅದು ಮತ್ತೆ ಖಾಲಿಯಾಗಿ ಹೊಲಕ್ಕೆ ಬರುವ ತನಕ ಒಂದು ಟ್ರಿಪ್. ಇದರಲ್ಲಿ ಹೇರುವುದು, ತುಂಬಿದ ಓಟ, ಗೇಟ್‌ನಲ್ಲಿ ಟೋಕನ್ ಪಡೆದು ಕಾಯುವುದು, ತುಂಬಿದ ಗಾಡಿಯ ತೂಕ, ಇಳಿಸುವುದು, ಖಾಲಿ ಗಾಡಿಯ ತೂಕ ಮತ್ತು ವಾಪಸ್ ಓಟ ಸೇರುತ್ತವೆ. ಎರಡು ತೂಕಗಳ ವ್ಯತ್ಯಾಸವೇ ರೈತನ ಲೆಕ್ಕಕ್ಕೆ ಬರುವ ಕಬ್ಬು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹೊಲ ಕಾರ್ಖಾನೆಯಿಂದ 18 ಕಿ.ಮೀ. ದೂರದಲ್ಲಿದೆ, ಎರಡು ಟ್ರೇಲರ್ ಸೇರಿ 16 ಟನ್ ಹೇರು ಎಂದಿಟ್ಟುಕೊಳ್ಳಿ. ಕಡಿಯುವ ಗ್ಯಾಂಗ್‌ನವರೇ ಹೇರಲು 3 ಗಂಟೆ ಹಿಡಿಯುತ್ತದೆ. ತುಂಬಿದ ಟ್ರ್ಯಾಕ್ಟರ್ ಗಂಟೆಗೆ 12 ಕಿ.ಮೀ. ಓಡಿದರೆ ಒಂದೂವರೆ ಗಂಟೆ. ಎರಡು ತೂಕ ಮತ್ತು ಇಳಿಸುವಿಕೆಗೆ ಸೇರಿ 45 ನಿಮಿಷ. ಖಾಲಿ ಬರಲು 1 ಗಂಟೆ. ಒಟ್ಟು 6 ಗಂಟೆ 15 ನಿಮಿಷ. ಇದರಲ್ಲಿ ಸಾಲಿನಲ್ಲಿ ನಿಂತ ಸಮಯ ಇನ್ನೂ ಸೇರಿಲ್ಲ.

ಚಾಲಕ ಗಾಡಿಯನ್ನು ಜೋರಾಗಿ ಓಡಿಸಿದರೆ? ತುಂಬಿದ ಗಾಡಿ ಗಂಟೆಗೆ 12ರ ಬದಲು 15 ಕಿ.ಮೀ. ಓಡಿದರೂ ಉಳಿಯುವುದು ಕೇವಲ 18 ನಿಮಿಷ. ಎರಡು ಟ್ರೇಲರ್ ಹಿಂದೆ ಕಟ್ಟಿಕೊಂಡು ಆ ವೇಗದಲ್ಲಿ ಹೋಗುವ ಅಪಾಯ ಬೇರೆ.

ಸಾಲು ಹೇಗೆ ಬೆಳೆಯುತ್ತದೆ?

ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆ ಗಂಟೆಗೆ ಸುಮಾರು 208 ಟನ್ ಕಬ್ಬು ತೆಗೆದುಕೊಳ್ಳುತ್ತದೆ. 16 ಟನ್ ಹೇರಿನ ಲೆಕ್ಕದಲ್ಲಿ ಅದು ಗಂಟೆಗೆ 13 ಟ್ರ್ಯಾಕ್ಟರ್, ದಿನಕ್ಕೆ ಸುಮಾರು 312. ಕಾಯುವ ಸಮಯ ತಿಳಿಯಲು ದೊಡ್ಡ ಗಣಿತ ಬೇಕಿಲ್ಲ. ಮುಂದೆ ನಿಂತಿರುವ ಗಾಡಿಗಳನ್ನು ಎಣಿಸಿ 13ರಿಂದ ಭಾಗಿಸಿದರೆ ಸಾಕು.

ದಿನಕ್ಕೆ ಸರಿಯಾಗಿ 312 ಗಾಡಿಗಳೇ ಬಂದರೆ ಸಾಲೇ ಇರಬಾರದಲ್ಲ ಎಂದು ಅನಿಸಬಹುದು. ತೊಡಕು ಇರುವುದು ಗಾಡಿಗಳ ಸಂಖ್ಯೆಯಲ್ಲಲ್ಲ, ಅವು ಬರುವ ಹೊತ್ತಿನಲ್ಲಿ. ಕಾರ್ಖಾನೆ 24 ಗಂಟೆ ನಡೆಯುತ್ತದೆ. ಗ್ಯಾಂಗ್ ಮಾತ್ರ ಬೆಳಗ್ಗೆ ಕಡಿಯಲು ಶುರು ಮಾಡಿ ಮಧ್ಯಾಹ್ನದ ಮೇಲೆ ಹೇರುತ್ತದೆ. ಹೀಗಾಗಿ ಹೆಚ್ಚಿನ ಗಾಡಿಗಳು ಸಂಜೆಯಿಂದ ರಾತ್ರಿಯೊಳಗೆ ಒಟ್ಟಿಗೇ ಗೇಟ್ ಮುಟ್ಟುತ್ತವೆ.

ಸಂಜೆ 6ಕ್ಕೆ ಯಾರ್ಡ್ ಖಾಲಿ ಇದ್ದು, ರಾತ್ರಿ 12ರೊಳಗೆ 200 ಗಾಡಿಗಳು ಒಂದೇ ಸಮನೆ ಬಂದವು ಎನ್ನಿ. ಆರು ಗಂಟೆಯಲ್ಲಿ ಕಾರ್ಖಾನೆ ಒಳಗೆ ತೆಗೆದುಕೊಳ್ಳುವುದು 78 ಗಾಡಿ. ಉಳಿದ 122 ಹೊರಗೇ ನಿಲ್ಲುತ್ತವೆ. ರಾತ್ರಿ ಏಳೂವರೆಗೆ ಬಂದ ಟ್ರ್ಯಾಕ್ಟರ್ ಮುಂದೆ ಸುಮಾರು 30 ಗಾಡಿ ಇರುತ್ತವೆ. ಅದು ಕಾಯಬೇಕಾದದ್ದು 2 ಗಂಟೆ 20 ನಿಮಿಷ. ಹನ್ನೆರಡಕ್ಕೆ ಬಂದದ್ದು 9 ಗಂಟೆಗೂ ಹೆಚ್ಚು ಹೊತ್ತು ಕಾಯುತ್ತದೆ. ಅದೇ ಹೊಲ, ಅದೇ ದೂರ, ಅದೇ ಹೇರು. ಆದರೆ ಒಂದರ ಟ್ರಿಪ್ ಎಂಟೂವರೆ ಗಂಟೆಯಲ್ಲಿ ಮುಗಿದರೆ, ಇನ್ನೊಂದಕ್ಕೆ ಹದಿನೈದೂವರೆ ಗಂಟೆ ಬೇಕು.

ಇನ್ನು ರಾತ್ರಿ ಯಾವುದೋ ಯಂತ್ರ ಕೆಟ್ಟು 4 ಗಂಟೆ ನುರಿಸುವುದು ನಿಂತರೆ, ಆ ವೇಳೆ ಒಳಗೆ ಹೋಗಬೇಕಿದ್ದ 52 ಗಾಡಿಗಳು ಹೊರಗೇ ಉಳಿಯುತ್ತವೆ. ಯಂತ್ರ ಸರಿಹೋದ ಮೇಲೂ ಈ ಬಾಕಿ ತಾನಾಗಿ ಕರಗುವುದಿಲ್ಲ. ಮರುದಿನವೂ ಅಷ್ಟೇ ಗಾಡಿ ಬಂದರೆ ಸಂಜೆ ಯಾರ್ಡ್ ಖಾಲಿ ಇರುವ ಬದಲು 52 ಗಾಡಿಗಳಿಂದಲೇ ಲೆಕ್ಕ ಶುರುವಾಗುತ್ತದೆ. ಒಂದು ದಿನದ ಕೆಟ್ಟು ನಿಂತ ಕತೆ ವಾರವಿಡೀ ಕಾಡುವುದು ಹೀಗೆ. ಇದನ್ನು ಕರಗಿಸಲು ಇರುವ ದಾರಿ ಕಟಾವು ಆದೇಶಗಳನ್ನು ಒಂದೆರಡು ದಿನ ಕಡಿಮೆ ಮಾಡುವುದು.

ಕಾಯುವ ಗಂಟೆಯ ಬೆಲೆ ಯಾರು ಕೊಡುತ್ತಾರೆ?

ಕಡಿದ ಕಬ್ಬು ಆ ಗಳಿಗೆಯಿಂದಲೇ ಒಣಗತೊಡಗುತ್ತದೆ, ತೂಕ ಇಳಿಯುತ್ತದೆ. ಜತೆಗೆ ಕಬ್ಬಿನೊಳಗಿನ ಕಿಣ್ವಗಳು ಸಕ್ಕರೆಯನ್ನು ಹರಳುಗಟ್ಟದ ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಕಡಿದ 24 ಗಂಟೆಯೊಳಗೆ ನುರಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಬಿಸಿಲು ಏರಿದಂತೆ ಎರಡೂ ನಷ್ಟ ಹೆಚ್ಚು.

ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ 10.25ರ ಇಳುವರಿಗೆ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂ., ಅಂದರೆ ಟನ್‌ಗೆ 3,550 ರೂ. 16 ಟನ್ ಹೇರು ಶೇ 2ರಷ್ಟು ಒಣಗಿದರೆ 320 ಕೆ.ಜಿ. ಕಡಿಮೆ. ಆ ದರದಲ್ಲಿ 1,136 ರೂ. ನಷ್ಟ. ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಗಾಡಿ ಬಂದ ಕೂಡಲೇ ತೂಕ ಮಾಡಿ ಆಮೇಲೆ ಯಾರ್ಡ್‌ನಲ್ಲಿ ನಿಲ್ಲಿಸಿದರೆ ಒಣಗುವ ನಷ್ಟ ಕಾರ್ಖಾನೆಯದು. ಕಾದು ನಿಂತ ಮೇಲೆ ಇಳಿಸುವ ಮುನ್ನ ತೂಕ ಮಾಡಿದರೆ ಆ ನಷ್ಟ ರೈತನದು.

ಟ್ರ್ಯಾಕ್ಟರ್ ಮಾಲೀಕನಿಗೆ ಸಾಮಾನ್ಯವಾಗಿ ಟನ್ ಮತ್ತು ದೂರದ ಲೆಕ್ಕದಲ್ಲಿ ಬಾಡಿಗೆ. ನಿಂತ ಗಂಟೆಗೆ ದುಡ್ಡಿಲ್ಲ. ಗ್ಯಾಂಗ್‌ಗೂ ಟನ್ ಲೆಕ್ಕದಲ್ಲೇ ಕೂಲಿ. ಗಾಡಿ ಮಧ್ಯಾಹ್ನದ ತನಕ ಬರದಿದ್ದರೆ ಕಡಿದ ಕಬ್ಬು ಹೊಲದಲ್ಲೇ ಬಿಸಿಲಿಗೆ ಬಿದ್ದಿರುತ್ತದೆ, ಹೇರುವುದು ತಡವಾಗುತ್ತದೆ, ಆ ಗಾಡಿ ಮತ್ತೆ ಮಧ್ಯರಾತ್ರಿಯ ಸಾಲಿಗೇ ಸೇರುತ್ತದೆ.

ತಡ ಎಲ್ಲಿ ಆಗುತ್ತಿದೆ ಎಂದು ತಿಳಿಯುವುದು ಹೇಗೆ?

ನಾಲ್ಕು ಹೊತ್ತುಗಳನ್ನು ಬರೆದಿಟ್ಟರೆ ಸಾಕು: ಹೇರಿ ಮುಗಿದ ಹೊತ್ತು, ಗೇಟ್ ಟೋಕನ್ ಸಿಕ್ಕ ಹೊತ್ತು, ತುಂಬಿದ ತೂಕದ ಹೊತ್ತು, ಖಾಲಿ ತೂಕದ ಹೊತ್ತು. ಕೊನೆಯ ಎರಡನ್ನು ತೂಕದ ಚೀಟಿಯಲ್ಲಿ ನೋಡಬಹುದು.

ಮೊದಲ ಎರಡರ ಅಂತರ ಹೆಚ್ಚಿದ್ದರೆ ತೊಂದರೆ ರಸ್ತೆಯದು ಅಥವಾ ಗಾಡಿಯದು. ಟೋಕನ್‌ನಿಂದ ತುಂಬಿದ ತೂಕದವರೆಗೆ ಹೆಚ್ಚಿದ್ದರೆ ಸಾಲಿನದು. ಎರಡು ತೂಕಗಳ ನಡುವೆ ಹೆಚ್ಚಿದ್ದರೆ ಇಳಿಸುವ ಕ್ರೇನ್ ಬಳಿ ಅಡಚಣೆ ಇದೆ ಅಥವಾ ತೂಕದ ನಂತರವೂ ಗಾಡಿಯನ್ನು ಕಾಯಿಸಲಾಗುತ್ತಿದೆ. ಆದರೆ ಈ ಚೀಟಿಗಳು ಹೇಳದ ಒಂದು ತಡವೂ ಇದೆ. ಕಡಿದ ಕಬ್ಬು ಹೇರುವ ಮುನ್ನ ಹೊಲದಲ್ಲಿ ಬಿದ್ದಿದ್ದ ಸಮಯವದು. ಕಡಿದ ಹೊತ್ತನ್ನೂ ಬರೆದಿಟ್ಟರಷ್ಟೇ ಅದು ಲೆಕ್ಕಕ್ಕೆ ಸಿಗುತ್ತದೆ.

ಹೆಚ್ಚು ಟ್ರ್ಯಾಕ್ಟರ್ ಬಿಟ್ಟರೆ ಪರಿಹಾರವೇ?

ಇಲ್ಲ. ಕಾರ್ಖಾನೆ ಗಂಟೆಗೆ 13 ಗಾಡಿಯಷ್ಟೇ ತೆಗೆದುಕೊಳ್ಳುವಾಗ ಹೊಸದಾಗಿ ಬಂದ ಗಾಡಿಯೂ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತದೆ. ಫಲ ಕೊಡುವುದು ಬರುವ ಹೊತ್ತನ್ನು ಹರಡುವ ಕ್ರಮ. ಕೆಲವು ಗ್ಯಾಂಗ್‌ಗಳು ಹಿಂದಿನ ಸಂಜೆ ಕಡಿದು ಬೆಳಗ್ಗೆಯೇ ಹೇರಿದರೆ ಅವರ ಗಾಡಿ ಮಧ್ಯಾಹ್ನದೊಳಗೆ ಗೇಟ್ ಮುಟ್ಟುತ್ತದೆ, ಸಂಜೆಯ ನೂಕುನುಗ್ಗಲು ಇಳಿಯುತ್ತದೆ. ಇದಕ್ಕೂ ಮಿತಿ ಇದೆ: ರಾತ್ರಿಯಿಡೀ ಹೊಲದಲ್ಲಿದ್ದ ಕಬ್ಬು ಅಷ್ಟು ಹೊತ್ತು ಹಳೆಯದಾಗಿರುತ್ತದೆ. ಆದ್ದರಿಂದ ಬೆಳಗ್ಗೆ ಬಂದ ಗಾಡಿಯನ್ನು ರಾತ್ರಿಯ ಸಾಲಿನ ಹಿಂದೆ ನಿಲ್ಲಿಸದೆ, ಕೊಟ್ಟ ಹೊತ್ತಿಗೆ ಒಳಗೆ ಬಿಡುವ ಟೋಕನ್ ಇದ್ದರಷ್ಟೇ ರೈತನಿಗೆ ಲಾಭ.