ಫ್ಯಾನಿನ ಗುಂಯ್ ಹೋಗಲಿ, ಮೇಷ್ಟ್ರ ದನಿ ಉಳಿಯಲಿ

ತರಗತಿಯಲ್ಲಿ ಕೂತು ಪಾಠ ಕೇಳುವವರಿಗೆ ಫ್ಯಾನಿನ ಸದ್ದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಅದೇ ಪಾಠವನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಕೇಳಿದರೆ ಮೊದಲು ಕಿವಿಗೆ ಬೀಳುವುದೇ ಫ್ಯಾನು. ಮನುಷ್ಯನಿಗೆ ಎರಡು ಕಿವಿಗಳಿವೆ. ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿದು ಅದರ ಕಡೆಗೆ ಗಮನ ಹರಿಸಲು ಮಿದುಳಿಗೆ ಅವು ನೆರವಾಗುತ್ತವೆ. ಮೇಜಿನ ಮೇಲಿಟ್ಟ ಮೊಬೈಲಿನ ಮೈಕಿಗೆ ಆ ಅನುಕೂಲವಿಲ್ಲ. ಮೇಷ್ಟ್ರ ಮಾತು, ಫ್ಯಾನಿನ ಗುಂಯ್, ಹಿನ್ನೆಲೆಯ ಸ್ಸ್ ಎಲ್ಲವೂ ಅದಕ್ಕೆ ಒಂದೇ.

ಪರೀಕ್ಷೆಗೆ ಮುಂಚೆ ಪಾಠವನ್ನು ಮತ್ತೆ ಕೇಳಬೇಕೆನ್ನುವ ವಿದ್ಯಾರ್ಥಿಗಳು, ತಪ್ಪಿಸಿಕೊಂಡ ಮಕ್ಕಳಿಗೆ ಪಾಠ ಕಳಿಸಬೇಕೆನ್ನುವ ಶಿಕ್ಷಕರು ಈ ಸದ್ದನ್ನು ತೆಗೆಯಲು ಸಾಮಾನ್ಯವಾಗಿ ಬಳಸುವುದು ಅಡಾಸಿಟಿ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಸದ್ದನ್ನು ತಗ್ಗಿಸುವ ಸೌಲಭ್ಯಕ್ಕೆ Noise Reduction ಎಂದು ಹೆಸರು. ಗುಂಡಿಯನ್ನು ಕೊನೆಯವರೆಗೆ ಎಳೆದರೆ ಫ್ಯಾನು ಮಾಯವಾಗುತ್ತದೆ ನಿಜ. ಆದರೆ ಮೇಷ್ಟ್ರು ನೀರಿನೊಳಗೆ ಮುಳುಗಿ ಮಾತಾಡಿದಂತೆ ಕೇಳಿಸುತ್ತದೆ, ಮಾತಿನ ಸುತ್ತ ಗುಳುಗುಳು ಸದ್ದು ಹುಟ್ಟಿಕೊಳ್ಳುತ್ತದೆ. ಹೀಗೇಕಾಗುತ್ತದೆ ಎಂದು ತಿಳಿದರೆ ತಪ್ಪಿಸುವ ದಾರಿಯೂ ಕಾಣುತ್ತದೆ.

ಈ ತಂತ್ರಾಂಶ ಧ್ವನಿಯನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸುತ್ತದೆ. ಸೆಕೆಂಡಿಗೆ 44,100 ಮಾದರಿಗಳಿರುವ ರೆಕಾರ್ಡಿಂಗ್‌ನಲ್ಲಿ ಒಂದೊಂದು ತುಣುಕು 2,048 ಮಾದರಿಗಳಷ್ಟು, ಅಂದರೆ ಸುಮಾರು 46 ಮಿಲಿಸೆಕೆಂಡು. ಪ್ರತಿ ತುಣುಕನ್ನೂ ಕೆಳಸ್ವರದಿಂದ ಮೇಲ್ಸ್ವರದವರೆಗೆ ಸಾವಿರಕ್ಕೂ ಹೆಚ್ಚು ಪಟ್ಟಿಗಳಾಗಿ ವಿಂಗಡಿಸಲಾಗುತ್ತದೆ. ಒಂದು ಪಟ್ಟಿಯ ಅಗಲ ಸುಮಾರು 21.5 ಹರ್ಟ್ಸ್. ಮಾತಿಲ್ಲದ, ಬರೀ ಫ್ಯಾನು ಕೇಳಿಸುವ ಒಂದೆರಡು ಸೆಕೆಂಡುಗಳನ್ನು ಬಳಕೆದಾರರು ಮಾದರಿಯಾಗಿ ತೋರಿಸಿಕೊಡುತ್ತಾರೆ. ಯಾವ ಪಟ್ಟಿಯಲ್ಲಿ ಎಷ್ಟು ಸದ್ದಿದೆ ಎಂದು ತಂತ್ರಾಂಶ ಅದರಿಂದ ಲೆಕ್ಕ ಹಾಕಿಕೊಳ್ಳುತ್ತದೆ. ಆಮೇಲೆ ಇಡೀ ಪಾಠದಲ್ಲಿ ಆ ಮಟ್ಟಕ್ಕಿಂತ ಕೆಳಗಿರುವ ಪಟ್ಟಿಯನ್ನು ತಗ್ಗಿಸುತ್ತದೆ, ಮೇಲಿರುವುದನ್ನು ಹಾಗೇ ಬಿಡುತ್ತದೆ. ಪ್ರತಿ ಪಟ್ಟಿಗೂ ಒಂದೊಂದು ಬಾಗಿಲಿದ್ದು, ಅವು ಒಂದರ ಗೊಡವೆ ಇನ್ನೊಂದಕ್ಕಿಲ್ಲದೆ ತೆರೆದು ಮುಚ್ಚುತ್ತಿದ್ದಂತೆ ಇದು.

ತೊಂದರೆ ಹುಟ್ಟುವುದು ಇಲ್ಲೇ. ಕಿವಿಗೆ ಒಂದೇ ಸಮನೆ ಅನ್ನಿಸುವ ಸ್ಸ್ ಸದ್ದು ನಿಜಕ್ಕೂ ಒಂದೇ ಸಮನೆ ಇರುವುದಿಲ್ಲ. ಒಂದು ಪಟ್ಟಿಯನ್ನಷ್ಟೇ ನೋಡಿದರೆ ಅದು ಕ್ಷಣಕ್ಷಣಕ್ಕೂ ಏರಿಳಿಯುತ್ತಿರುತ್ತದೆ. ಏರಿದ ಒಂದು ಕ್ಷಣ ಅದು ಲೆಕ್ಕದ ಮಟ್ಟವನ್ನು ದಾಟಿದರೆ ಬಾಗಿಲು ತೆರೆದುಕೊಂಡು, ಚಿಕ್ಕದೊಂದು ಸ್ವರ ಹೊರಗೆ ಹಾರಿ, ಬಾಗಿಲು ಮತ್ತೆ ಮುಚ್ಚುತ್ತದೆ. ನೂರಾರು ಪಟ್ಟಿಗಳಲ್ಲಿ ಹೊತ್ತುಗೊತ್ತಿಲ್ಲದೆ ಇದು ನಡೆಯುತ್ತಿರುವಾಗ ಕೇಳಿಸುವುದೇ ಆ ಗುಳುಗುಳು. ಮುಂಚೆಯೂ ಈ ಏರಿಳಿತ ಇದ್ದೇ ಇತ್ತು, ಆದರೆ ಸುತ್ತಲಿನ ಸದ್ದು ಅದನ್ನು ಮುಚ್ಚಿತ್ತು. ಸುತ್ತ ನಿಶ್ಶಬ್ದವಾದಾಗ ಅಳಿದುಳಿದ ಚೂರುಗಳು ಎದ್ದು ಕೇಳಿಸುತ್ತವೆ.

ಇದು ಹೊಸ ಸಮಸ್ಯೆಯೇನಲ್ಲ. ಮಾತಿನ ಮುದ್ರಣದಿಂದ ಸದ್ದನ್ನು ಪಟ್ಟಿ ಪಟ್ಟಿಯಾಗಿ ಕಳೆಯುವ ವಿಧಾನವನ್ನು ಅಮೆರಿಕದ ಸ್ಟೀವನ್ ಬೋಲ್ 1979ರಲ್ಲಿ ಪ್ರಕಟಿಸಿದರು. ಅದೇ ವರ್ಷ ಬೆರೂಟಿ, ಶ್ವಾರ್ಟ್ಸ್ ಮತ್ತು ಮಖೌಲ್ ಎಂಬ ಮೂವರು ಈ ಗುಳುಗುಳುವಿಗೆ ಪರಿಹಾರ ಸೂಚಿಸಿದರು. ಅದರ ಒಂದು ಮುಖ್ಯ ಅಂಶ ಕೇಳಲು ವಿಚಿತ್ರ: ಸದ್ದನ್ನು ಸೊನ್ನೆಗೆ ಇಳಿಸಬಾರದು, ತಳದಲ್ಲಿ ಸ್ವಲ್ಪ ಉಳಿಸಬೇಕು. ಉಳಿದ ತೆಳುವಾದ ಸದ್ದು ಹಾರಾಡುವ ಚೂರುಗಳನ್ನು ಮುಚ್ಚಿಹಾಕುತ್ತದೆ. ಇವತ್ತು ತರಗತಿಯ ಪಾಠವನ್ನು ಶುದ್ಧ ಮಾಡುವವರಿಗೂ ಇದಕ್ಕಿಂತ ದೊಡ್ಡ ಗುಟ್ಟಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಪ್ರೌಢಶಾಲೆಯ ಒಂದು ಕನ್ನಡ ತರಗತಿ, 40 ನಿಮಿಷದ ಪಾಠ. ಪಾಠ ಮಾಡುವವರು ಗಂಡಸು. ಮೊಬೈಲು ಮುಂದಿನ ಬೆಂಚಿನ ಮೇಲಿದೆ, ಮೇಷ್ಟ್ರಿಗೂ ಅದಕ್ಕೂ ಎರಡು ಮೀಟರ್ ದೂರ. ತಲೆಯ ಮೇಲೆ ಎರಡು ಫ್ಯಾನು, ಗೋಡೆಯ ಮೇಲೆ ಹಳೆಯ ಚೋಕ್ ಇರುವ ಟ್ಯೂಬ್‌ಲೈಟು.

ಮೊದಲು ಗುಂಯ್‌ಗುಡುವ ಸದ್ದು. ಭಾರತದಲ್ಲಿ ಕರೆಂಟು ಸೆಕೆಂಡಿಗೆ 50 ಆವರ್ತನೆ ಹರಿಯುತ್ತದೆ. ಚೋಕಿನ ಕಬ್ಬಿಣವೂ ಫ್ಯಾನಿನ ಮೋಟಾರೂ ಪ್ರತಿ ಆವರ್ತನೆಗೆ ಎರಡು ಸಲ ಅದುರುವುದರಿಂದ ಕೇಳಿಸುವ ಗುಂಯ್ 100 ಹರ್ಟ್ಸ್‌ನದು. ಅದರ ಜೊತೆಗೆ 200, 300ರಲ್ಲೂ ಮರಿಗಳಿರುತ್ತವೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದ ಫ್ಯಾನನ್ನು ನಿಧಾನಕ್ಕೆ ತಿರುಗಿಸಿದಾಗ ಈ ಸದ್ದು ಹೆಚ್ಚು. ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕೊಡುವುದೇ ಅದಕ್ಕೆ ಕಾರಣ.

ಇಂಥ ಕೆಲವೇ ಸ್ವರಗಳನ್ನು ತೆಗೆಯಲು ಸಾವಿರ ಬಾಗಿಲುಗಳನ್ನು ಕುಣಿಸಬೇಕಾಗಿಲ್ಲ. ಮೊದಲಿಗೆ High-Pass Filter ಬಳಸಿ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿದುಹಾಕಬಹುದು. ಗಂಡಸಿನ ಮಾತಿನ ಮೂಲಸ್ವರವೂ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ ಇರುವುದರಿಂದ ದನಿಗೆ ನಷ್ಟವಿಲ್ಲ. ಬೆಂಚು ಅಲುಗಿದ ಗುಡುಗುಡು, ಮೈಕಿಗೆ ಬಡಿದ ಗಾಳಿ ಮಾತ್ರ ತಗ್ಗುತ್ತವೆ. ಆದರೆ 100 ಹರ್ಟ್ಸ್‌ನ ಗುಂಯ್ ಇರುವುದು ಮೇಷ್ಟ್ರ ದನಿ ಓಡಾಡುವ ಜಾಗದಲ್ಲೇ. ಅದಕ್ಕೆ ಬೇಕಾದ್ದು ಕಿರಿದಾದ ಕೊರೆತ, ಅಂದರೆ Notch Filter. ಇದರಲ್ಲಿ ಎರಡು ಸಂಖ್ಯೆಗಳಿವೆ: ಎಲ್ಲಿ ಕೊರೆಯಬೇಕು ಎನ್ನುವುದು ಒಂದು, ಎಷ್ಟು ಕಿರಿದಾಗಿ ಎನ್ನುವುದು ಇನ್ನೊಂದು. ಎರಡನೆಯದರ ಹೆಸರು Q. ಕೊರೆಯುವ ಜಾಗದ ಹರ್ಟ್ಸನ್ನು Qನಿಂದ ಭಾಗಿಸಿದರೆ ಕೊರೆತದ ಅಗಲ ಸಿಗುತ್ತದೆ. 100 ಹರ್ಟ್ಸ್‌ಗೆ Q 20 ಕೊಟ್ಟರೆ ಅಗಲ 5 ಹರ್ಟ್ಸ್. ಮಾತಿನ ಸ್ವರ ಏರಿಳಿಯುತ್ತಾ ಆ ಸಣ್ಣ ಕಂದಕವನ್ನು ಕ್ಷಣದಲ್ಲಿ ದಾಟುವುದರಿಂದ ಕಿವಿಗೆ ಗೊತ್ತಾಗುವುದಿಲ್ಲ. 200 ಹರ್ಟ್ಸ್‌ಗೆ Q 40 ಕೊಟ್ಟರೆ ಅದೇ ಅಗಲ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಅಡಾಸಿಟಿಯ ಈ ಫಿಲ್ಟರ್‌ನಲ್ಲಿ ಮೊದಲೇ ತುಂಬಿರುವ ಸಂಖ್ಯೆಗಳು 60 ಹರ್ಟ್ಸ್ ಮತ್ತು Q 1. ಅರವತ್ತು ಎನ್ನುವುದು ಅಮೆರಿಕದ ಕರೆಂಟಿನ ಲೆಕ್ಕ. ಅಲ್ಲಿರುವ ಕನ್ನಡ ಶಾಲೆಯ ರೆಕಾರ್ಡಿಂಗ್ ಆದರೆ ಗುಂಯ್ ಹುಡುಕಬೇಕಾದದ್ದು 120ರಲ್ಲಿ. Q 1 ಅಂತೂ ಎಲ್ಲಿಗೂ ಅಗಲವೇ. 100 ಹರ್ಟ್ಸ್‌ನಲ್ಲಿ ಅದನ್ನು ಹಾಗೇ ಬಿಟ್ಟರೆ ಮೇಷ್ಟ್ರ ದನಿಯ ತಳವೇ ಕುಸಿದು, ಮಾತು ತಗಡಿನ ಡಬ್ಬಿಯಿಂದ ಬಂದಂತಾಗುತ್ತದೆ. ಗುಂಯ್ ನಿಜಕ್ಕೂ ಎಲ್ಲಿದೆ ಎಂದು ತಿಳಿಯಲು ಮಾತಿಲ್ಲದ ಭಾಗವನ್ನು ಆರಿಸಿ Plot Spectrum ತೆರೆದರೆ ಸಾಕು. ಅಲ್ಲಿ Size ಅನ್ನು 16384ಕ್ಕೆ ಏರಿಸಿದರೆ ಸದ್ದಿನ ಚೂಪಾದ ಶಿಖರಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಇಷ್ಟಾದ ಮೇಲೆ ಉಳಿಯುವುದು ಫ್ಯಾನಿನ ಗಾಳಿಯ ಮತ್ತು ಮೈಕಿನದೇ ಆದ ಸ್ಸ್. ಅದು ಎಲ್ಲ ಪಟ್ಟಿಗಳಲ್ಲೂ ಹರಡಿರುವುದರಿಂದ Noise Reduction ಬೇಕಾಗುವುದು ಈಗ. ಮಾದರಿಯನ್ನೂ ಈಗಲೇ, ಫಿಲ್ಟರ್‌ಗಳ ನಂತರವೇ ಕೊಡಬೇಕು; ಮುಂಚೆ ಕೊಟ್ಟರೆ ಈಗಾಗಲೇ ಹೋಗಿರುವ ಗುಂಯ್ ಲೆಕ್ಕದಲ್ಲಿ ಉಳಿದು, ಆ ಜಾಗದ ಮಾತನ್ನು ತಂತ್ರಾಂಶ ಸದ್ದೆಂದು ತಿಳಿಯುತ್ತದೆ. ಮಾದರಿಗೆ ಎರಡು ಸೆಕೆಂಡು ಸಾಕು, ಆದರೆ ಅದರಲ್ಲಿ ಉಸಿರು, ಪುಟ ತಿರುವುವ ಸದ್ದು, ಹಿಂದಿನ ಪದದ ಗುಂಗು ಯಾವುದೂ ಇರಬಾರದು. ಪಾಠದ ನಡುವೆ ಯಾರಾದರೂ ಫ್ಯಾನಿನ ವೇಗ ಬದಲಿಸಿದ್ದರೆ ಅಲ್ಲಿಂದ ಮುಂದಕ್ಕೆ ಬೇರೆ ಮಾದರಿ ಬೇಕು.

ಆ ಎರಡು ಸೆಕೆಂಡು ಆರಿಸಿ Get Noise Profile ಒತ್ತಿ, ಆಮೇಲೆ ಇಡೀ ಪಾಠವನ್ನು ಆರಿಸಿಕೊಂಡರೆ ಮೂರು ಗುಂಡಿಗಳು ಎದುರಾಗುತ್ತವೆ. ಮೊದಲನೆಯದು ಎಷ್ಟು ಡೆಸಿಬೆಲ್ ತಗ್ಗಿಸಬೇಕು ಎನ್ನುವುದು. 6 ಡೆಸಿಬೆಲ್ ಎಂದರೆ ಸದ್ದಿನ ಅಲೆಯ ಎತ್ತರ ಅರ್ಧಕ್ಕೆ ಇಳಿಯುತ್ತದೆ, 12 ಎಂದರೆ ಕಾಲು ಭಾಗಕ್ಕೆ, 24 ಎಂದರೆ ಸುಮಾರು ಹದಿನಾರರಲ್ಲಿ ಒಂದು ಭಾಗಕ್ಕೆ. ನಮ್ಮ ಪಾಠಕ್ಕೆ 6ರಿಂದ 9 ಸಾಕು. ಫ್ಯಾನು ದೂರ ಸರಿದಂತಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆ ಉಳಿಕೆಯೇ ಮಾತನ್ನು ನೀರಾಗದಂತೆ ಕಾಯುತ್ತದೆ.

ಎರಡನೆಯದು Sensitivity: ಬಾಗಿಲು ತೆರೆಯಲು ಸದ್ದು ಎಷ್ಟು ಏರಬೇಕು ಎನ್ನುವುದನ್ನು ಇದು ನಿರ್ಧರಿಸುತ್ತದೆ. ತುಂಬಾ ಕಡಿಮೆ ಇಟ್ಟರೆ ಸ್ಸ್‌ನ ಚೂರುಗಳು ಒಳನುಗ್ಗಿ ಸಣ್ಣ ಗೆಜ್ಜೆಯಂಥ ಕಿಣಿಕಿಣಿ ಕೇಳಿಸುತ್ತದೆ. ತುಂಬಾ ಹೆಚ್ಚಿಟ್ಟರೆ ಸದ್ದಿನ ಜೊತೆ ಮಾತಿನ ಮೆಲ್ಲಗಿನ ಭಾಗವೂ ಹೋಗಿ ದನಿ ಮಂಕಾಗುತ್ತದೆ. ಹೀಗೆ ಕೆಟ್ಟದ್ದರಲ್ಲೂ ಎರಡು ಬಗೆ, ಮದ್ದು ತದ್ವಿರುದ್ಧ. ಮಾತು ನಿಂತಾಗ ಕಿಣಿಕಿಣಿ ಇದ್ದರೆ ಸಂಖ್ಯೆಯನ್ನು ಸ್ವಲ್ಪ ಏರಿಸಬೇಕು, ಮಾತೇ ಮಂಕಾಗಿದ್ದರೆ ಇಳಿಸಬೇಕು. 6ರಿಂದ ಶುರುಮಾಡುವುದು ಒಳ್ಳೆಯದು. ಮೂರನೆಯದು Frequency smoothing. ಅದು ಅಕ್ಕಪಕ್ಕದ ಬಾಗಿಲುಗಳನ್ನು ಒಟ್ಟಿಗೆ ಚಲಿಸುವಂತೆ ಮಾಡುತ್ತದೆ. ಮಾತಿಗೆ 6 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಹೊಂದುತ್ತದೆ, ಸಂಗೀತಕ್ಕೆ ಸೊನ್ನೆ.

ಸರಿಯಾಯಿತೇ ಎಂದು ತಿಳಿಯಲು ಅಡಾಸಿಟಿಯಲ್ಲೇ ಒಂದು ಪರೀಕ್ಷೆಯಿದೆ. Residue ಎನ್ನುವ ಆಯ್ಕೆ ಒತ್ತಿದರೆ ಉಳಿಸಿದ್ದನ್ನು ಬಿಟ್ಟು ತೆಗೆದುಹಾಕಿದ್ದನ್ನಷ್ಟೇ ಕೇಳಿಸುತ್ತದೆ. ಅಲ್ಲಿ ಬರೀ ಫ್ಯಾನು ಕೇಳಬೇಕು. ಮೇಷ್ಟ್ರ ಪದಗಳು ಗುರುತು ಸಿಗುವಂತಿದ್ದರೆ ಅತಿಯಾಗಿದೆ ಎಂದೇ ಅರ್ಥ. ಮೊದಲು ಕಳೆದುಹೋಗುವುದು ಸ, ಶ, ಷಗಳು. ಬಾಯಿಯಿಂದ ಹೊರಡುವಾಗಲೇ ಅವು ಹಿನ್ನೆಲೆಯ ಸ್ಸ್‌ನಂತೆಯೇ ಇರುತ್ತವೆ, ತಂತ್ರಾಂಶಕ್ಕೆ ಎರಡರ ವ್ಯತ್ಯಾಸ ಸುಲಭಕ್ಕೆ ತಿಳಿಯದು. ಮಹಾಪ್ರಾಣಗಳ ಉಸಿರು ಮತ್ತು ವಾಕ್ಯದ ಕೊನೆಯಲ್ಲಿ ತಗ್ಗುವ ಸ್ವರಗಳೂ ಅಷ್ಟೇ ಅಪಾಯದಲ್ಲಿರುತ್ತವೆ. 'ಸಂತೋಷ', 'ವಿಶೇಷ', 'ಭಾಷೆ' ಮುಂತಾದ ಪದಗಳಿರುವ ಒಂದು ವಾಕ್ಯ ಹುಡುಕಿ, ಶುದ್ಧ ಮಾಡುವ ಮುಂಚಿನದನ್ನೂ ನಂತರದ್ದನ್ನೂ ಒಂದೇ ಗಟ್ಟಿಯಲ್ಲಿ ಹೆಡ್‌ಫೋನಿನಲ್ಲಿ ಹೋಲಿಸಿದರೆ ನಷ್ಟ ತಕ್ಷಣ ತಿಳಿಯುತ್ತದೆ.

ಈ ವಿಧಾನದ ಮಿತಿಯೂ ಸ್ಪಷ್ಟ. ಬೆಂಚು ಎಳೆದ ಸದ್ದು, ಹೊರಗಿನ ಬಸ್ಸು, ಪಿಸುಗುಟ್ಟುವ ಮಕ್ಕಳು, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಯಾವುದೂ ಒಂದೇ ಸಮನೆ ಇರುವುದಿಲ್ಲ, ಆದ್ದರಿಂದ ಮಾದರಿ ತೋರಿಸಿ ಅವನ್ನು ತೆಗೆಯಲಾಗದು. ಕೆಲವು ಮೊಬೈಲುಗಳು ಮಾತು ನಿಂತಾಗ ಮೈಕಿನ ಶಕ್ತಿಯನ್ನು ತಾವಾಗಿಯೇ ಏರಿಸುತ್ತವೆ; ಆಗ ಮೌನದಲ್ಲಿ ಫ್ಯಾನು ಹಿಗ್ಗಿ, ಮಾತು ಶುರುವಾದೊಡನೆ ಕುಗ್ಗುತ್ತದೆ. ಆ ಹಿಗ್ಗಿದ ಫ್ಯಾನನ್ನು ಮಾದರಿಯಾಗಿ ಕೊಟ್ಟರೆ ಮಾತಿನ ನಡುವೆ ಅಗತ್ಯಕ್ಕಿಂತ ಹೆಚ್ಚು ಕಳೆಯುತ್ತದೆ. ಹಿಂದಿನ ಬೆಂಚಿನ ಹುಡುಗಿ ಕೇಳಿದ ಪ್ರಶ್ನೆ ಫ್ಯಾನಿನಷ್ಟೇ ಮೆಲ್ಲಗಿದ್ದರೆ ಅದನ್ನು ಯಾವ ಗುಂಡಿಯೂ ಬಿಡಿಸಿಕೊಡದು. ಆ ಭಾಗವನ್ನು ಮುಟ್ಟದೆ ಬಿಡುವುದೇ ವಾಸಿ.

ರೆಕಾರ್ಡ್ ಮಾಡುವಾಗಲೇ ಗಳಿಸಬಹುದಾದ ಡೆಸಿಬೆಲ್‌ಗಳೂ ಇವೆ. ಎರಡು ಮೀಟರ್ ದೂರದ ಮೊಬೈಲನ್ನು ಒಂದು ಮೀಟರ್‌ಗೆ ತಂದರೆ ನೇರವಾಗಿ ಬರುವ ಮಾತು ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಫ್ಯಾನು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ತಂತ್ರಾಂಶ ಕಷ್ಟಪಟ್ಟು ಕೊಡುವಷ್ಟನ್ನು ಇದು ಒಂದು ಪದವನ್ನೂ ಕೆಡಿಸದೆ ಕೊಡುತ್ತದೆ. ಪಾಠ ಶುರುವಾಗುವ ಮುಂಚೆ ಹತ್ತು ಸೆಕೆಂಡು ಎಲ್ಲರೂ ಸುಮ್ಮನಿದ್ದರೆ ಒಳ್ಳೆಯ ಮಾದರಿಯೂ ಸಿಗುತ್ತದೆ.

ಕೊನೆಯ ಹಂತದಲ್ಲೂ ನೀರು ಮತ್ತೆ ನುಗ್ಗಬಹುದು. ಧ್ವನಿಯ ಕಡತವನ್ನು ಅತಿಯಾಗಿ ಕುಗ್ಗಿಸುವ ವಿಧಾನಗಳೂ ಪಟ್ಟಿಗಳನ್ನು ಎಸೆಯುವುದರಿಂದ ಅಂಥದ್ದೇ ಗುಳುಗುಳು ಹುಟ್ಟುತ್ತದೆ. ಆದ್ದರಿಂದ ಶುದ್ಧೀಕರಣಕ್ಕೆ ಮೊಬೈಲಿನ ಮೂಲ ಕಡತವನ್ನೇ ತೆಗೆದುಕೊಳ್ಳಬೇಕು, ಕೈಯಿಂದ ಕೈಗೆ ಹಂಚಿಕೆಯಾಗಿ ಬಂದದ್ದನ್ನಲ್ಲ. ಮುಗಿದ ಪಾಠವನ್ನು ಒಂದೇ ಚಾನೆಲ್‌ನ ಎಂಪಿ3 ಮಾಡಿ 64 ಕೆಬಿಪಿಎಸ್‌ನಲ್ಲಿ ಉಳಿಸಿದರೆ 40 ನಿಮಿಷಕ್ಕೆ ಸುಮಾರು 19 ಎಂಬಿ ಆಗುತ್ತದೆ. ವಾಟ್ಸಾಪ್‌ನಲ್ಲಿ ಅದನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಮತ್ತೆ ಕುಗ್ಗದೆ, ಇದ್ದ ಹಾಗೆಯೇ ಮಕ್ಕಳ ಫೋನಿಗೆ ತಲುಪುತ್ತದೆ.