ಕಾಲು ಊದಿಕೊಳ್ಳುವುದೇಕೆ?

ಪಾದದ ಗಂಟಿನ ಮೇಲೆ, ಎಲುಬಿನ ಮೇಲ್ಭಾಗದಲ್ಲಿ ಹೆಬ್ಬೆರಳಿನಿಂದ ಅರ್ಧ ನಿಮಿಷ ಒತ್ತಿ ತೆಗೆಯಿರಿ. ಗುಳಿ ಹಾಗೆಯೇ ಉಳಿದರೆ ಅಲ್ಲಿ ನೀರು ನಿಂತಿದೆ ಎಂದರ್ಥ.

ಈ ನೀರು ಬರುವುದು ರಕ್ತದಿಂದಲೇ. ಕೂದಲಿಗಿಂತ ಸಣ್ಣದಾದ ಲೋಮನಾಳಗಳಲ್ಲಿ ರಕ್ತದ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ. ಆಲ್ಬುಮಿನ್ ಎಂಬ ಪ್ರೋಟೀನ್ ಅದನ್ನು ಒಳಗೇ ಹಿಡಿದಿಡಲು ನೋಡುತ್ತದೆ. ಈ ಜಗ್ಗಾಟವನ್ನು 1896ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಸ್ವಲ್ಪ ನೀರು ಹೊರಗೇ ಉಳಿದರೂ ದುಗ್ಧನಾಳಗಳು ಅದನ್ನು ರಕ್ತಕ್ಕೆ ಮರಳಿಸುತ್ತವೆ. ಅವುಗಳ ಶಕ್ತಿ ಮೀರಿದಾಗ ಬಾವು ಕಾಣುತ್ತದೆ.

ಹೃದಯ ದುರ್ಬಲವಾದಾಗ ಅಭಿಧಮನಿಗಳಲ್ಲಿ ರಕ್ತ ತುಂಬಿ ನಿಂತು, ಆ ಒತ್ತಡ ಲೋಮನಾಳಗಳವರೆಗೂ ಏರುತ್ತದೆ. ನಿಂತು ಓಡಾಡುವ ನಮಗೆ ಅದು ಕಾಲಲ್ಲೇ ಹೆಚ್ಚು.

ಮೂತ್ರಪಿಂಡದ ದಾರಿ ಬೇರೆ. ಐದು ವರ್ಷದ ಮಗುವೊಂದು ಬೆಳಿಗ್ಗೆ ಕಣ್ಣುರೆಪ್ಪೆ ಊದಿಕೊಂಡು ಏಳುತ್ತದೆ, ಸಂಜೆ ಪಾದ ಊದುತ್ತದೆ, ಮೂತ್ರದಲ್ಲಿ ನೊರೆ ಎಂದುಕೊಳ್ಳಿ. ರಕ್ತಪರೀಕ್ಷೆಯಲ್ಲಿ ಆಲ್ಬುಮಿನ್ 1.8 ಗ್ರಾಂ, ಇರಬೇಕಾದ್ದು 3.5ಕ್ಕಿಂತ ಹೆಚ್ಚು. ಮೂತ್ರಪಿಂಡದ ಜರಡಿ ಹಾಳಾಗಿ ಪ್ರೋಟೀನ್ ಸೋರುತ್ತಿದೆ. ಆದರೆ ಕಥೆ ಅಷ್ಟೇ ಅಲ್ಲ: ಕಾಯಿಲೆ ಬಿದ್ದ ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕದೆ ಉಳಿಸಿಕೊಳ್ಳುತ್ತದೆ. ಆದ್ದರಿಂದಲೇ ಮೊಟ್ಟೆ, ಬೇಳೆ ಹೆಚ್ಚು ತಿನ್ನಿಸಿದರೆ ಬಾವು ಇಳಿಯುವುದಿಲ್ಲ. ಸೋರಿಕೆ ನಿಲ್ಲಬೇಕು, ಉಪ್ಪು ಕಡಿಮೆಯಾಗಬೇಕು. ಯಕೃತ್ತು ಕೆಟ್ಟರೆ ಆಲ್ಬುಮಿನ್ ತಯಾರಾಗುವುದೇ ಕಡಿಮೆ.

ಮೆಡಿಕಲ್ ಶಾಪಿನಿಂದ ಮೂತ್ರ ಹೋಗುವ ಮಾತ್ರೆ ತಂದು ನುಂಗಬೇಡಿ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಒಂದೇ ಕಾಲು ನೋವಿನೊಂದಿಗೆ ಊದಿದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.